‘ನೆಮ್ಮದಿ’ ಎಂಬ ಹೆಸರು: ಹಿರಿಯರಿಗೆ ಬರೆದ ಒಂದು ಪತ್ರದ ಕುರಿತು

ಹೆಣ್ಣು ಮಗುವೊಂದಕ್ಕೆ ಅದರ ತಂದೆ ತಾಯಿ ‘ನೆಮ್ಮದಿ’ ಎಂದು ಹೆಸರಿಟ್ಟಿದ್ದಾರೆ. ಅವರದು ಧಾರವಾಡ ಸೀಮೆಯ ನದಾಫ ಮನೆತನ. ಅರಳೆ ಹಿಂಜಿ ಗಾದಿ ಹೊಲಿಯುವುದು ತಲೆತಲಾಂತರದ ಕಸುಬು, ಮನೆಯ ಮಾತು ಕನ್ನಡ. ಮಗ ಮತ್ತು ಸೊಸೆ ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿದ್ದಾರೆ. ಮೊಮ್ಮಗಳಿಗೆ ‘ಫಾತಿಮಾ’ ಎಂಬ ಹೆಸರೆಂದು ಅಜ್ಜ ನೆಂಟರಿಗೆಲ್ಲ ಹೇಳಿಯೂ ಆಗಿತ್ತು. ‘ನೆಮ್ಮದಿ’ ಎಂಬ ಹೆಸರು ಜನನ ಪ್ರಮಾಣ ಪತ್ರದಲ್ಲಿ ದಾಖಲಾದ ಸುದ್ದಿ ದೂರವಾಣಿಯಲ್ಲಿ ಬಂದ ದಿನದಿಂದ ಅವರು ಮಗನೊಡನೆ ಮಾತು ಬಿಟ್ಟರು. ಏಳನೆಯ ದಿನದ ಅಕೀಕಾ ನಿಂತುಹೋಯಿತು. ಅದಕ್ಕೆಂದು ಸಾಕಿದ ಮೇಕೆ ಹಿತ್ತಲಿನಲ್ಲೇ ಉಳಿಯಿತು.

ಆಗ ದಂಪತಿ ಎರಡೂ ಮನೆಯ ಹಿರಿಯರಿಗೆ ಒಂದು ಪತ್ರ ಬರೆದರು. ಅಜ್ಜನವರು ಆ ಪತ್ರವನ್ನು ನನ್ನ ಕೈಗಿತ್ತು, “ಇದರಲ್ಲಿ ದೀನಿಗೆ ಒಪ್ಪುವುದೆಷ್ಟು, ಒಪ್ಪದಿರುವುದೆಷ್ಟು ಹೇಳಿರಿ” ಎಂದರು. ಉಭಯ ಕಡೆಯವರ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ, ಪತ್ರದ ಮುಖ್ಯ ಭಾಗಗಳನ್ನೂ ನನ್ನ ಅಭಿಪ್ರಾಯವನ್ನೂ ಇಲ್ಲಿ ಇಡುತ್ತಿದ್ದೇನೆ. ಇಂತಹ ಪ್ರಶ್ನೆ ಇಂದು ಅನೇಕ ಮನೆಗಳ ಬಾಗಿಲಲ್ಲಿ ನಿಂತಿದೆ.

ಪತ್ರದ ಮೊದಲ ಭಾಗ ಹೀಗಿದೆ:

“ಗೌರವಾನ್ವಿತ ಹಿರಿಯರಿಗೆ, ಅಸ್ಸಲಾಮು ಅಲೈಕುಮ್. ನಿಮ್ಮನ್ನು ಕೇಳದೆ ಹೆಸರನ್ನು ಬರೆಯಿಸಿದ್ದು ನಿಮ್ಮ ಮನಸ್ಸನ್ನು ನೋಯಿಸಿದೆ. ಅದಕ್ಕೆ ಕ್ಷಮೆ ಬೇಡುತ್ತೇವೆ. ಆದರೆ ಹೆಸರಿನ ಹಿಂದೆ ಹಟವಾಗಲಿ, ತಿರಸ್ಕಾರವಾಗಲಿ ಇಲ್ಲ ಎಂಬುದನ್ನು ತಿಳಿಸಲೇಬೇಕು. ಅಪ್ಪಾ, ಈ ಹೆಸರು ನಿಮ್ಮ ಅವ್ವನದು. ನಮ್ಮ ಅಜ್ಜಿಯ ಹೆಸರು ಸಕೀನಾ. ಓಣಿಯವರು ಅವರನ್ನು ಸಕ್ಕವ್ವ ಎಂದರು, ಪಡಿತರ ಚೀಟಿಯಲ್ಲಿ ಸಕ್ಕಿನಬಿ ಎಂದು ಬರೆದರು. ಅರ್ಥವೇನೆಂದು ಅಜ್ಜಿಗೂ ಯಾರೂ ಹೇಳಿರಲಿಲ್ಲ. ಅವರು ತೀರಿಕೊಂಡ ಮೇಲೆ ಒಂದು ದಿನ ಕುರ್‌ಆನಿನ ಅನುವಾದ ಓದುತ್ತಿದ್ದಾಗ ನಮಗೆ ಅದು ತಿಳಿಯಿತು. ಭಯದ ಹೊತ್ತಿನಲ್ಲಿ ಅಲ್ಲಾಹನು ವಿಶ್ವಾಸಿಗಳ ಹೃದಯಕ್ಕೆ ಇಳಿಸುವ ನೆಮ್ಮದಿಯೇ ಸಕೀನಾ. ಮಗಳಿಗೆ ಸಕೀನಾ ಎಂದೇ ಇಡಬಹುದಿತ್ತು. ಆದರೆ ದೊಡ್ಡಪ್ಪನ ಮೊಮ್ಮಗಳೂ ಅತ್ತೆಯ ಮಗಳೂ ಅದೇ ಹೆಸರಿನವರು. ಮದುವೆಯ ಮನೆಯಲ್ಲಿ ಒಬ್ಬರನ್ನು ಕರೆದರೆ ಇಬ್ಬರು ಓಗೊಡುತ್ತಾರೆ. ಅಜ್ಜಿಗೆ ತಿಳಿಯದೆ ಹೋದ ಅರ್ಥವನ್ನು ಮರಿಮಗಳು ತನ್ನ ಹೆಸರು ಕೇಳಿದಾಗಲೆಲ್ಲ ತಿಳಿಯಲಿ ಎಂದು ಅದನ್ನು ನಮ್ಮ ಮನೆಯ ಮಾತಿಗೆ ತಂದೆವು.”

ಇಲ್ಲಿ ದಂಪತಿ ಹೇಳಿರುವ ಅರ್ಥ ಸರಿಯಾಗಿದೆ. ಸಕೀನಾ ಎಂಬ ಪದ ಕುರ್‌ಆನಿನಲ್ಲಿ ಆರು ಕಡೆ ಬಂದಿದೆ. ಪ್ರವಾದಿ(ಸ)ರು ಮತ್ತು ಅಬೂಬಕರ್(ರ) ಸೌರ್ ಗುಹೆಯಲ್ಲಿ ಅಡಗಿದ್ದು, ಶತ್ರುಗಳು ಗುಹೆಯ ಬಾಯಿಗೆ ಬಂದು ನಿಂತಿದ್ದ ಹೊತ್ತನ್ನು ಹೇಳುವಾಗ ಅದು ಬಂದಿದೆ. ಹುನೈನ್‌ನಲ್ಲಿ ಸೇನೆ ಚದುರಿದಾಗ, ಹುದೈಬಿಯಾದಲ್ಲಿ ಮುಸ್ಲಿಮರ ಮನಸ್ಸು ಕಲಕಿದ್ದಾಗ ಬಂದಿದೆ. ಹೊಟ್ಟೆ ತುಂಬಿ ಮಂಚದ ಮೇಲೆ ಒರಗಿದವನ ಸುಖಕ್ಕೆ ಈ ಹೆಸರಿಲ್ಲ. ಅಪಾಯದ ನಡುವೆ ಕದಲದೆ ನಿಲ್ಲುವ ಮನಸ್ಸಿನ ಹೆಸರು ಇದು.

ಅಜ್ಜನವರು ನನ್ನೊಡನೆ ಮಾತನಾಡುವಾಗ ಒಂದು ಮಾತು ಹೇಳಿದರು: “ನೆಮ್ಮದಿ ಎಂದು ಮನೆಯ ಗೇಟಿಗೆ ಬರೆಯುತ್ತಾರೆ. ನಾನು ಪಹಣಿ ತರಲು ಹೋಗುತ್ತಿದ್ದುದು ನೆಮ್ಮದಿ ಕೇಂದ್ರಕ್ಕೆ. ಮಗುವಿಗೆ ಇಡುವ ಹೆಸರೇ ಇದು?” ನಗು ಬಂದರೂ ಪ್ರಶ್ನೆ ನ್ಯಾಯವಾದುದು. ಪಹಣಿಯ ವಿಷಯದಲ್ಲಿ ನಾನು ಸುಮ್ಮನಾದೆ. ಮನೆಯ ವಿಷಯದಲ್ಲಿ ಮಾತ್ರ ಉತ್ತರವಿತ್ತು. ಸಕೀನಾ ಎಂಬುದು ಸೀನ್, ಕಾಫ್, ನೂನ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಬಂದುದು. ಚಲನೆಯಿಲ್ಲದ ಅಕ್ಷರದ ಮೇಲೆ ಹಾಕುವ ‘ಸುಕೂನ್’ ಚಿಹ್ನೆ ಅದೇ ಧಾತುವಿನದು. ವಾಸದ ಮನೆ ಎಂಬರ್ಥದ ‘ಮಸ್ಕನ್’ ಕೂಡ ಅದರದೇ. ದಂಪತಿಗಳು ಪರಸ್ಪರರಲ್ಲಿ ನೆಮ್ಮದಿ ಕಾಣಲೆಂದು ಅಲ್ಲಾಹನು ಅವರನ್ನು ಸೃಷ್ಟಿಸಿದನೆಂದು ಸೂರಃ ಅರ‍್ರೂಮ್ ಹೇಳುವಾಗಲೂ ಇದೇ ಧಾತುವಿನ ಕ್ರಿಯಾಪದವಿದೆ. ಮನೆಗೂ ನೆಮ್ಮದಿಗೂ ಅರಬಿಯಲ್ಲಿ ಒಂದೇ ಬೇರು. ಕನ್ನಡಿಗರು ತಮಗರಿಯದೆಯೇ ಅದೇ ಪದವನ್ನು ಗೇಟಿನ ಮೇಲೆ ಬರೆದಿದ್ದಾರೆ, ಅಷ್ಟೆ.

ಇನ್ನು ಶರೀಅತ್ತಿನ ತಕ್ಕಡಿಯ ಮಾತು. ಹೆಸರಿನ ವಿಷಯದಲ್ಲಿ ಪ್ರವಾದಿ(ಸ)ರು ಮೊದಲು ನೋಡುತ್ತಿದ್ದುದು ಅರ್ಥವನ್ನು. ಉಮರ್(ರ)ರ ಒಬ್ಬ ಮಗಳಿಗೆ ಆಸಿಯಾ ಎಂಬ ಹೆಸರಿತ್ತೆಂದೂ, ಪ್ರವಾದಿ(ಸ)ರು ಅದನ್ನು ಜಮೀಲಾ ಎಂದು ಬದಲಿಸಿದರೆಂದೂ ಸಹೀಹ್ ಮುಸ್ಲಿಮ್‌ನಲ್ಲಿದೆ. ಓದುಗರು ತಟ್ಟನೆ ಕೇಳಬಹುದು: ಫಿರ್‌ಔನನ ಪತ್ನಿ, ಸ್ವರ್ಗದ ಶುಭವಾರ್ತೆ ಪಡೆದ ಮಹಿಳೆಯ ಹೆಸರೂ ಆಸಿಯಾ ಅಲ್ಲವೇ? ಕನ್ನಡದಲ್ಲಿ ಎರಡೂ ಒಂದೇ ಅಕ್ಷರ. ಅರಬಿಯಲ್ಲಿ ಹಾಗಲ್ಲ. ಫಿರ್‌ಔನನ ಪತ್ನಿಯ ಹೆಸರು ಅಲಿಫ್ ಮತ್ತು ಸೀನ್‌ನಿಂದ ಬರೆಯುವಂಥದು. ಬದಲಾದ ಹೆಸರು ಐನ್ ಮತ್ತು ಸಾದ್‌ನಿಂದ ಬರೆಯುವಂಥದು, ಅದರರ್ಥ ಅವಿಧೇಯಳು. ಬದಲಾದುದೂ ಶುದ್ಧ ಅರಬಿ ಹೆಸರೇ ಆಗಿತ್ತು. ಅರಬಿಯೆಂಬ ಕಾರಣಕ್ಕೆ ಅದು ಉಳಿಯಲಿಲ್ಲ.

ಪತ್ರದ ಎರಡನೆಯ ಭಾಗ ಭಾಷೆಯ ಕುರಿತಾದುದು:

“ಇದು ಮುಸ್ಲಿಮ್ ಹೆಸರೇ ಅಲ್ಲ ಎಂದು ಅವ್ವ ಅತ್ತರಂತೆ. ಅವ್ವಾ, ನಿಮ್ಮ ತಂಗಿಯ ಹೆಸರು ಪರ್ವೀನ್. ಅದು ಅರಬಿಯಲ್ಲ, ಪಾರಸಿ. ಆಕಾಶದ ಕೃತ್ತಿಕಾ ನಕ್ಷತ್ರಗಳ ಗೊಂಚಲಿಗೆ ಇರಾನಿನವರು ಇಟ್ಟ ಹೆಸರು. ಶಬನಮ್ ಎಂದರೆ ಇಬ್ಬನಿ, ಮೆಹತಾಬ್ ಎಂದರೆ ಬೆಳದಿಂಗಳು. ಅಜ್ಜನ ಹೆಸರಿನ ದಸ್ತಗೀರ ಎಂದರೆ ಕೈಹಿಡಿಯುವವನು ಎಂದು ಪಾರಸಿಯಲ್ಲಿ ಅರ್ಥ. ಇಬ್ಬನಿಯನ್ನು ಪಾರಸಿಯಲ್ಲಿ ಹೇಳಿದರೆ ಮುಸ್ಲಿಮ್ ಹೆಸರು, ಕನ್ನಡದಲ್ಲಿ ಹೇಳಿದರೆ ಅಲ್ಲ ಎನ್ನುವುದು ಹೇಗೆ? ಅರ್ಥ ತಿಳಿಯದ ಅರಬಿ ಹೆಸರು ನಮ್ಮ ಪಾಲಿಗೆ ಬರಿಯ ಸದ್ದಲ್ಲವೇ?”

ಕೊನೆಯ ವಾಕ್ಯದ ಬಗ್ಗೆ ನನ್ನ ತಕರಾರಿದೆ, ಅದನ್ನು ಆಮೇಲೆ ಹೇಳುತ್ತೇನೆ. ಉಳಿದ ಮಾತಿನಲ್ಲಿ ತಪ್ಪಿಲ್ಲ. ಮದ್ರಸದಲ್ಲಿ ‘ಹಿದಾಯತುನ್ನಹ್ವ್’ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರುವ ಒಂದು ಪಾಠ ಇದನ್ನೇ ಸಾರುತ್ತದೆ. ಅರಬಿಯಲ್ಲಿ ಸಾಮಾನ್ಯ ನಾಮಪದದ ಕೊನೆಗೆ ‘ತನ್ವೀನ್’ ಎಂಬ ಅನುನಾಸಿಕ ಧ್ವನಿ ಸೇರುತ್ತದೆ. ಮುಹಮ್ಮದ್ ಎಂಬುದು ವಾಕ್ಯದಲ್ಲಿ ‘ಮುಹಮ್ಮದುನ್’ ಆಗುತ್ತದೆ, ಸಾಲಿಹ್ ಎಂಬುದು ‘ಸಾಲಿಹುನ್’ ಆಗುತ್ತದೆ. ಆದರೆ ಇಬ್ರಾಹೀಮ್ ಎಂಬುದು ‘ಇಬ್ರಾಹೀಮು’ ಎಂದಷ್ಟೇ ನಿಲ್ಲುತ್ತದೆ, ತನ್ವೀನ್ ಸೇರುವುದಿಲ್ಲ. ಇಸ್ಮಾಈಲ್, ಇಸ್‌ಹಾಕ್, ಯಅಕೂಬ್, ಯೂಸುಫ್ ಹೆಸರುಗಳೂ ಹಾಗೆಯೇ. ಕಾರಣವೇನೆಂದು ಉಸ್ತಾದರು ಕೇಳಿದರೆ ವಿದ್ಯಾರ್ಥಿ ಕೊಡುವ ಉತ್ತರ ಎರಡೇ ಪದ: ‘ಅಲಮಿಯ್ಯತ್’ ಮತ್ತು ‘ಉಜ್ಮತ್’. ಒಂದು, ಅದು ವ್ಯಕ್ತಿಯ ಹೆಸರು. ಎರಡು, ಅದು ಪರಭಾಷೆಯದು.

ಇದರ ತಾತ್ಪರ್ಯವನ್ನು ಸ್ವಲ್ಪ ಯೋಚಿಸೋಣ. ಏಕದೇವತ್ವದ ಪಿತಾಮಹನ ಹೆಸರೇ ಅರಬಿಯದಲ್ಲ. ಕುರ್‌ಆನ್ ಆ ಹೆಸರನ್ನು ಅರಬಿಗೆ ಭಾಷಾಂತರಿಸಲಿಲ್ಲ, ಅದರ ಪರಭಾಷೆಯ ಗುರುತನ್ನು ಅಳಿಸಲೂ ಇಲ್ಲ. ಪ್ರತಿ ಸಲ ಪಾರಾಯಣ ಮಾಡುವಾಗ ತನ್ವೀನ್ ಇಲ್ಲದ ಆ ಕೊನೆಯಕ್ಷರ, ಈ ಹೆಸರು ಬೇರೆ ನೆಲದಿಂದ ಬಂದುದೆಂದು ಸಾರುತ್ತಲೇ ಇರುತ್ತದೆ. ಪ್ರವಾದಿ(ಸ)ರು ತಮ್ಮ ಸ್ವಂತ ಮಗನಿಗೆ ಇಟ್ಟುದೂ ಇದೇ ಇಬ್ರಾಹೀಮ್ ಎಂಬ ಹೆಸರನ್ನು. ಬಸರಾದ ಮಹಾವಿದ್ವಾಂಸ ಮುಹಮ್ಮದ್ ಇಬ್ನು ಸೀರೀನ್‌ರ ಹೆಸರಿನಲ್ಲಿ ಅವರ ತಂದೆಯ ಅರಬಿಯಲ್ಲದ ಹೆಸರು ಇಂದಿಗೂ ಹಾಗೆಯೇ ಉಳಿದಿದೆ. ಹೆಸರು ಅರಬಿಯಲ್ಲೇ ಇರಬೇಕೆಂಬ ನಿಯಮ ಶರೀಅತ್ತಿನಲ್ಲಿ ಇಲ್ಲ.

ಇದಕ್ಕೆ ವಿರುದ್ಧವಾದ ಪ್ರಮಾದವನ್ನೂ ಹೇಳಬೇಕು. ಈಚೆಗೆ ‘ಅನಮ್ತಾ’ ಎಂಬ ಹೆಸರನ್ನು ಹೆಣ್ಣು ಮಕ್ಕಳಿಗೆ ಇಡುತ್ತಿದ್ದಾರೆ. ಸೂರಃ ಫಾತಿಹಾದ ಕೊನೆಯಲ್ಲಿ ಬರುವ ಪದವೆಂದು ಸಂತೋಷಪಡುತ್ತಾರೆ. ಅದು ಹೆಸರಲ್ಲ, ‘ನೀನು ಅನುಗ್ರಹಿಸಿದೆ’ ಎಂಬ ಪೂರ್ಣ ಕ್ರಿಯಾಪದ. ಅಲ್ಲಿರುವ ‘ನೀನು’ ಅಲ್ಲಾಹನನ್ನು ಕುರಿತದ್ದು. ಅದನ್ನು ಮಗುವಿಗೆ ಇಟ್ಟಾಗ ಯಾವ ಹಿರಿಯರೂ ಅಕೀಕಾ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಕಿವಿಗೆ ಅರಬಿಯಂತೆ ಕೇಳಿಸಿದರೆ ಸಾಕೆಂಬ ತೃಪ್ತಿ ಅದು. ಒಳ್ಳೆಯ ಅರ್ಥದ ಕನ್ನಡ ಹೆಸರು ಅದಕ್ಕಿಂತ ಸುನ್ನತ್ತಿಗೆ ಹತ್ತಿರವಾದುದು.

ಈಗ ನನ್ನ ತಕರಾರು. ಅರ್ಥ ತಿಳಿಯದ ಅರಬಿ ಹೆಸರು ಬರಿಯ ಸದ್ದು ಎಂಬ ಮಾತನ್ನು ನಾನು ಒಪ್ಪಲಾರೆ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾಹ್ ಮತ್ತು ಅಬ್ದುರ‍್ರಹ್ಮಾನ್ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಫಾತಿಮಾ ಎಂದೊಡನೆ ಬೀಸುವ ಕಲ್ಲಿನಿಂದ ಅಂಗೈ ದಡ್ಡುಗಟ್ಟಿದ್ದ ಪ್ರವಾದಿಪುತ್ರಿ ಕಣ್ಣಮುಂದೆ ಬರುತ್ತಾರೆ. ಅಲ್ಲಿ ನಿಘಂಟಿನ ಅರ್ಥಕ್ಕಿಂತ ಬದುಕಿದ ಬದುಕೇ ಹೆಸರಿನ ಅರ್ಥ. ಓದು ಬರಹ ಅರಿಯದ ನಮ್ಮ ಅಜ್ಜ ಅಜ್ಜಿಯರು ದೂರದ ಹಳ್ಳಿಗಳಲ್ಲಿ ಮಸೀದಿಯೂ ಮದ್ರಸವೂ ಇಲ್ಲದ ಕಾಲದಲ್ಲಿ ದೀನನ್ನು ಹಿಡಿದುಕೊಂಡುದು ಹೆಸರುಗಳ ಮೂಲಕವೂ ಹೌದು. ಹುಸೇನಸಾಬ, ಇಮಾಮಬಿ ಎಂದು ಹಳ್ಳಿಯ ನಾಲಗೆಗೆ ಸವೆದ ಹೆಸರುಗಳಲ್ಲಿ ಆ ನಿಷ್ಠೆಯಿದೆ. ಸಕ್ಕವ್ವನಿಗೆ ಅರ್ಥ ತಿಳಿಯದಿದ್ದರೂ ಹೆಸರನ್ನು ಎಂಬತ್ತು ವರ್ಷ ಕಾಯ್ದು ಕೊಟ್ಟದ್ದರಿಂದಲೇ ಮೊಮ್ಮಗ ಅದರ ಅರ್ಥವನ್ನು ಹುಡುಕಲು ಸಾಧ್ಯವಾಯಿತು. ಈ ಮಾತನ್ನು ದಂಪತಿಗೂ ಹೇಳಿದ್ದೇನೆ.

ಪತ್ರದ ಮೂರನೆಯ ಭಾಗವನ್ನು ಓದುವಾಗ ಅಜ್ಜನವರ ಧ್ವನಿ ತಗ್ಗಿತು. ಅವರ ಮನಸ್ಸಿನ ನಿಜವಾದ ಗಾಯ ಅಲ್ಲಿತ್ತು:

“ಅಪ್ಪಾ, ನೀವು ಬಾಯಿಬಿಟ್ಟು ಹೇಳದಿದ್ದರೂ ನಿಮ್ಮ ಅನುಮಾನ ನಮಗೆ ತಿಳಿದಿದೆ. ಪಟ್ಟಣದಲ್ಲಿ ಬಾಡಿಗೆ ಮನೆಗಾಗಿ ಅಲೆದು, ಹೆಸರು ಕೇಳಿದೊಡನೆ ‘ಮನೆ ಕೊಟ್ಟಾಗಿದೆ’ ಎಂಬ ಮಾತು ಕೇಳಿ ಕೇಳಿ ದಣಿದ ನಾವು, ಮಗಳಾದರೂ ತಪ್ಪಿಸಿಕೊಳ್ಳಲಿ ಎಂದು ಹೆಸರನ್ನು ಮರೆಮಾಡಿದೆವು ಎಂದು ನೀವು ನೊಂದಿದ್ದೀರಿ. ಅಲ್ಲಾಹನ ಮೇಲಾಣೆ, ಅದು ಕಾರಣವಲ್ಲ. ಮರೆಯುವ ಮನಸ್ಸಿದ್ದಿದ್ದರೆ ಮೊದಲು ಮರೆಮಾಡಬೇಕಾದುದು ನನ್ನ ಹೆಸರನ್ನು ಮತ್ತು ಇವಳ ಹಿಜಾಬನ್ನು. ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ತಂದೆಯ ಹೆಸರು, ತಾಯಿಯ ಹೆಸರು, ನದಾಫ ಎಂಬ ಅಡ್ಡಹೆಸರು ಇರುತ್ತವೆ. ನಾವು ಬಯಸುವುದು ಬೇರೆ. ನೆಮ್ಮದಿ ಎಂಬ ಹುಡುಗಿ ನಮಾಝ್ ಮಾಡುವುದನ್ನು ಅವಳ ಗೆಳತಿಯರು ನೋಡಲಿ. ತಮ್ಮದೇ ಮಾತಿನ ಹೆಸರು ಹೊತ್ತವಳು ಮುಸ್ಲಿಮಳೂ ಹೌದೆಂಬುದು ಅವರಿಗೆ ಸಹಜವಾಗಲಿ.”

ಇದು ನಂಬತಕ್ಕ ಮಾತು. ಹೆಸರೊಂದರಿಂದ ಧರ್ಮವನ್ನು ಅಡಗಿಸುವ ಉದ್ದೇಶವಿದ್ದರೆ ಅದು ಖಂಡಿತವಾಗಿಯೂ ದೋಷ. ಆದರೆ ಇಸ್ಲಾಮ್ ವ್ಯಕ್ತಿಯನ್ನು ಗುರುತಿಸುವ ಕ್ರಮವೇ ಅದಕ್ಕೆ ಎಡೆ ಕೊಡುವುದಿಲ್ಲ. ಮಕ್ಕಳನ್ನು ಅವರ ತಂದೆಯಂದಿರ ಹೆಸರಿನೊಡನೆ ಕರೆಯಬೇಕೆಂದು ಸೂರಃ ಅಲ್ ಅಹ್‌ಝಾಬ್‌ನ ಐದನೆಯ ಸೂಕ್ತ ಆದೇಶಿಸುತ್ತದೆ. ಜಮಾಅತ್ತಿನ ನಿಕಾಹ್ ದಫ್ತರದಲ್ಲಿ ವಧುವಿನ ಹೆಸರು ಒಂಟಿಯಾಗಿ ಇರುವುದಿಲ್ಲ, ‘ಇಂಥವರ ಮಗಳು’ ಎಂದೇ ಇರುತ್ತದೆ. ನಾಳೆ ಈ ಮಗುವಿನ ನಿಕಾಹಿಗೆ ಅಥವಾ ಕಬರಸ್ತಾನದ ಹಕ್ಕಿಗೆ ತೊಂದರೆಯಾದೀತೆಂಬ ಬಂಧುಗಳ ಭಯಕ್ಕೆ ಶರೀಅತ್ತಿನಲ್ಲಿ ಆಧಾರವಿಲ್ಲ. ಒಬ್ಬ ಮುಸ್ಲಿಮಳ ಹಕ್ಕುಗಳು ಹುಟ್ಟುವುದು ಅವಳ ವಿಶ್ವಾಸದಿಂದ, ಹೆಸರಿನ ಭಾಷೆಯಿಂದಲ್ಲ.

ಆದರೂ ಇದರ ಬೆಲೆಯನ್ನು ಕೊಡಬೇಕಾದವಳು ಮಗುವೇ. ಸಲಾಮ್ ಹೇಳಿದರೆ ಕೆಲವರು ಅಚ್ಚರಿಪಡುತ್ತಾರೆ, ಮದ್ರಸದ ಹಾಜರಿ ಪುಸ್ತಕದಲ್ಲಿ ಹೆಸರು ಓದುವಾಗ ಮಕ್ಕಳು ನಗುತ್ತಾರೆ. ಇದನ್ನು ನಾನು ತರಗತಿಯಲ್ಲಿ ಬೇರೆ ಹೆಸರುಗಳ ವಿಷಯದಲ್ಲಿ ನೋಡಿದ್ದೇನೆ. ಅರ್ಥವನ್ನು ವಿವರಿಸುವ ಹೊಣೆ ಅವಳ ಬಾಯಿಗೆ ಮಾತು ಬರುವ ತನಕ ತಂದೆ ತಾಯಿಯರದು.

ಇನ್ನು ಪತ್ರದಲ್ಲಿ ಉತ್ತರವೇ ಇಲ್ಲದ ಒಂದು ಆಕ್ಷೇಪವಿದೆ. ಅದು ಎತ್ತಿದವರು ಮಗುವಿನ ತಾಯಿಯ ತಂದೆ. ಎಲ್ಲ ಆಕ್ಷೇಪಗಳಲ್ಲಿ ಅದೇ ಹೆಚ್ಚು ತೂಕದ್ದು. ಅವರು ಕೇಳಿದ್ದು ಇಷ್ಟು: “ಮಗು ಆಡಲು ಹೋಗಿರುತ್ತದೆ. ಬಾಗಿಲಿಗೆ ಬಂದವರು ನೆಮ್ಮದಿ ಇದ್ದಾಳೆಯೇ ಎನ್ನುತ್ತಾರೆ. ಮನೆಯವರು ಏನು ಹೇಳಬೇಕು?” ಕನ್ನಡದ ಒಂದು ಗುಣ ಇಲ್ಲಿ ಅಡ್ಡ ಬರುತ್ತದೆ. ‘ನೆಮ್ಮದಿ ಇದ್ದಾಳೆ’ ಎಂದರೆ ಹುಡುಗಿ, ‘ನೆಮ್ಮದಿ ಇದೆ’ ಎಂದರೆ ಮನಸ್ಸಿನ ಸ್ಥಿತಿ. ಕ್ರಿಯಾಪದವೇ ಎರಡನ್ನೂ ಬೇರ್ಪಡಿಸುತ್ತದೆ. ಆದರೆ ‘ಇಲ್ಲ’ ಎಂಬುದಕ್ಕೆ ಲಿಂಗಭೇದವಿಲ್ಲ. ‘ಮನೆಯಲ್ಲಿ ನೆಮ್ಮದಿ ಇಲ್ಲ’ ಎಂದರೆ ಎರಡೂ ಒಂದೇ ಮಾತು.

ಇದು ಕುಚೋದ್ಯವಲ್ಲ, ಇದಕ್ಕೆ ಹದೀಸಿನ ಆಧಾರವಿದೆ. ಯಸಾರ್, ರಬಾಹ್, ನಜೀಹ್, ಅಫ್ಲಹ್ ಎಂಬ ಹೆಸರುಗಳನ್ನು ಇಡಬೇಡಿರೆಂದು ಪ್ರವಾದಿ(ಸ)ರು ಹೇಳಿದ್ದನ್ನು ಸಮುರಾ(ರ) ವರದಿ ಮಾಡಿದ್ದಾರೆ. ಇವುಗಳ ಅರ್ಥ ಅನುಕೂಲ, ಲಾಭ, ಯಶಸ್ಸು, ವಿಜಯ ಎಂಬಂತಹವು. ಕಾರಣವೂ ಅಲ್ಲೇ ಇದೆ: ಅವನು ಅಲ್ಲಿದ್ದಾನೆಯೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಪ್ರವಾದಿಪತ್ನಿ ಜುವೈರಿಯಾ(ರ)ರ ಮೊದಲ ಹೆಸರು ಬರ‍್ರಃ, ಅಂದರೆ ಪುಣ್ಯವತಿ. ಪುಣ್ಯದ ಬಳಿಯಿಂದ ಹೊರಟುಹೋದರು ಎಂದು ಕೇಳಿಸುವ ಮಾತು ಇಷ್ಟವಾಗದೆ ಪ್ರವಾದಿ(ಸ)ರು ಅದನ್ನು ಬದಲಿಸಿದರು. ಇವೆರಡೂ ಸಹೀಹ್ ಮುಸ್ಲಿಮ್‌ನ ವರದಿಗಳು. ಮಾವನವರ ಪ್ರಶ್ನೆ ಇವುಗಳ ನೇರ ನೆರಳು.

ಆದರೆ ಅದೇ ಗ್ರಂಥದಲ್ಲಿ ಜಾಬಿರ್(ರ)ರ ವರದಿಯೂ ಇದೆ. ಯಅಲಾ, ಬರಕತ್, ಅಫ್ಲಹ್, ಯಸಾರ್, ನಾಫಿಅ್ ಮುಂತಾದ ಹೆಸರುಗಳನ್ನು ನಿಷೇಧಿಸಲು ಪ್ರವಾದಿ(ಸ)ರು ಬಯಸಿದ್ದರು, ಆಮೇಲೆ ಮೌನವಾದರು, ನಿಷೇಧಿಸದೆಯೇ ಇಹಲೋಕ ತ್ಯಜಿಸಿದರು. ಉಮರ್(ರ) ಕೂಡ ನಿಷೇಧಿಸಬೇಕೆಂದುಕೊಂಡು ಕೈಬಿಟ್ಟರು. ಎರಡನ್ನೂ ಜೊತೆಗಿಟ್ಟು ನೋಡಿದ ಇಮಾಮ್ ನವವಿಯವರು, ಇಂತಹ ಹೆಸರುಗಳು ಇಡದಿದ್ದರೆ ಒಳಿತು ಎನ್ನುವ ಮಟ್ಟದವು, ಹರಾಮ್ ಅಲ್ಲ ಎಂದು ವಿವರಿಸಿದ್ದಾರೆ. ಪ್ರವಾದಿ(ಸ)ರನ್ನು ಎತ್ತಿ ಆಡಿಸಿದ ಉಮ್ಮು ಐಮನ್(ರ)ರ ಹೆಸರು ಬರಕತ್ ಎಂದೇ ಉಳಿಯಿತು. ಇಬ್ನು ಉಮರ್(ರ)ರ ವಿಮೋಚಿತ ಸೇವಕ ನಾಫಿಅ್ ಅವರ ಹೆಸರು ಬದಲಾಗಲಿಲ್ಲ. ಇಮಾಮ್ ಮಾಲಿಕ್, ನಾಫಿಅ್, ಇಬ್ನು ಉಮರ್ ಎಂಬ ಸನದನ್ನು ಇಮಾಮ್ ಬುಖಾರಿಯವರು ಅತ್ಯಂತ ವಿಶ್ವಾಸಾರ್ಹವೆಂದು ಪರಿಗಣಿಸಿದರು. ‘ಲಾಭದಾಯಕ’ ಎಂಬ ಹೆಸರಿನ ಮನುಷ್ಯ ಸಮುದಾಯಕ್ಕೆ ಎಷ್ಟು ಲಾಭದಾಯಕನಾದನೆಂಬುದನ್ನು ಇತಿಹಾಸ ಕಂಡಿದೆ.

ಹೀಗೆ ತೂಗಿ ನೋಡಿದರೆ ನನ್ನ ನಿಲುವು ಇದು: ‘ನೆಮ್ಮದಿ’ ಎಂಬ ಹೆಸರಿನ ಅರ್ಥ ಉತ್ತಮವಾದುದು. ಅದರಲ್ಲಿ ಅಲ್ಲಾಹನ ಹೊರತು ಬೇರೆಯವರ ದಾಸ್ಯವಿಲ್ಲ, ಇನ್ನೊಂದು ಧರ್ಮದ ಆರಾಧನೆಯ ಗುರುತಿಲ್ಲ, ಮಗುವಿಗೆ ಅವಮಾನವಿಲ್ಲ. ಭಾಷೆ ಕನ್ನಡವಾಗಿರುವುದು ದೋಷವಲ್ಲ. ‘ಇಲ್ಲ’ ಎಂಬ ಉತ್ತರದ ಆಕ್ಷೇಪ ನಿಜವಾದರೂ ಅದು ಹೆಸರನ್ನು ನಿಷಿದ್ಧಗೊಳಿಸುವುದಿಲ್ಲ. ಮನೆಯವರು ‘ಆಡಲು ಹೋಗಿದ್ದಾಳೆ’ ಎಂದು ಹೇಳುವ ರೂಢಿ ಮಾಡಿಕೊಂಡರೆ ಮುಗಿಯಿತು. ಮುಂದೆ ಕನ್ನಡ ಹೆಸರು ಆರಿಸುವವರೂ ಈ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿಕೊಳ್ಳಲಿ. ಎಲ್ಲ ಕನ್ನಡ ಪದಗಳೂ ಈ ತಕ್ಕಡಿಯಲ್ಲಿ ನಿಲ್ಲಲಾರವು.

ಕೊನೆಯದಾಗಿ ಹೆಸರಿಡುವ ಹಕ್ಕಿನ ಮಾತು. ನವಜಾತ ಶಿಶುವಿನ ವಿಧಿಗಳ ಕುರಿತೇ ಒಂದು ಗ್ರಂಥ ಬರೆದ ಇಬ್ನುಲ್ ಕಯ್ಯಿಮ್ ಅವರು, ತಂದೆ ತಾಯಿಗೆ ಭಿನ್ನಾಭಿಪ್ರಾಯ ಬಂದರೆ ಹಕ್ಕು ತಂದೆಯದೆಂದು ಹೇಳುತ್ತಾರೆ. ಅಜ್ಜನದೆಂದು ಹೇಳುವುದಿಲ್ಲ. ಹಾಗೆಂದು ಅಜ್ಜನಿಗೆ ಬಾಯಿಯೇ ಇಲ್ಲವೆಂದಲ್ಲ. ಅಲೀ(ರ) ತಮ್ಮ ಮೊದಲ ಮಗನಿಗೆ ಹರ್ಬ್, ಅಂದರೆ ಯುದ್ಧ, ಎಂದು ಹೆಸರಿಟ್ಟಿದ್ದರೆಂದೂ, ಮಗುವನ್ನು ನೋಡಲು ಬಂದ ಪ್ರವಾದಿ(ಸ)ರು ಅದನ್ನು ಹಸನ್ ಎಂದು ಬದಲಿಸಿದರೆಂದೂ ಮುಸ್ನದ್ ಅಹ್ಮದ್‌ನಲ್ಲಿದೆ. ಅಂದು ಅವರು ಆ ಮಗುವಿನ ಅಜ್ಜನೂ ಆಗಿದ್ದರು. ಆ ಅಜ್ಜ ಬದಲಿಸಿದ್ದು ಅರ್ಥ ಕಠೋರವಾದುದರಿಂದ. ಅಜ್ಜ ಮನೆಗೆ ಬಂದು, ಮಗುವನ್ನು ತೋರಿಸಿರಿ ಎಂದು ಕೇಳಿ, ಆಮೇಲೆ ಹೆಸರಿನ ಮಾತೆತ್ತಿದರು. ಮೊಮ್ಮಗುವಿನ ಮುಖ ನೋಡುವ ಮೊದಲೇ ಮಾತು ಬಿಡುವುದಕ್ಕೆ ಅಲ್ಲಿ ಮಾದರಿಯಿಲ್ಲ.

ದಂಪತಿಗೂ ಒಂದು ಮಾತಿದೆ. ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು ನಿಜ. ಆದರೆ ಹೆಸರಿಲ್ಲದೆಯೂ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೂ ಆಧಾರಿಗೂ ಜನನ ಪ್ರಮಾಣ ಪತ್ರವೇ ಆಧಾರ. ಒಮ್ಮೆ ಬರೆಯಿಸಿದ ಹೆಸರನ್ನು ಬದಲಿಸುವುದು ಸುಲಭವಲ್ಲ. ಹಿರಿಯರೊಡನೆ ಕುಳಿತು ಮಾತನಾಡಲು ಒಂದು ವರ್ಷದ ಬಿಡುವು ಇದ್ದಾಗ ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆಯಿಸಿದ್ದು ಆತುರ. ಸಕ್ಕವ್ವನ ಮಗನಿಗೆ ಆ ಹೆಸರಿನ ಅರ್ಥವನ್ನು ಪತ್ರದಲ್ಲಿ ಬರೆಯುವುದಕ್ಕಿಂತ ಮೊದಲು ಎದುರು ಕುಳಿತು ಹೇಳಬೇಕಿತ್ತು.

ಅಕೀಕಾ ಏಳನೆಯ ದಿನ ತಪ್ಪಿದರೆ ಹದಿನಾಲ್ಕನೆಯ ದಿನ, ಅದೂ ತಪ್ಪಿದರೆ ಇಪ್ಪತ್ತೊಂದನೆಯ ದಿನ ಮಾಡಬಹುದೆಂದು ವಿದ್ವಾಂಸರು ಹೇಳಿದ್ದಾರೆ. ನಾನು ಅಜ್ಜನವರಿಗೆ ಕೊಟ್ಟ ಸಲಹೆ ಇಷ್ಟೇ: ಇಪ್ಪತ್ತೊಂದನೆಯ ದಿನ ನೀವೇ ಹೋಗಿ ಬಂಧುಗಳ ಎದುರಿನಲ್ಲಿ ಹೆಸರನ್ನು ಘೋಷಿಸಿರಿ. ಘೋಷಿಸುವಾಗ ಅದು ಯಾರ ಹೆಸರೆಂಬುದನ್ನೂ ಹೇಳಿರಿ. ಮನೆಯಲ್ಲಿ ಅವಳನ್ನು ಸಕೀನಾ ಎಂದು ಕರೆಯಬೇಕೆನಿಸಿದರೆ ಕರೆಯಿರಿ, ಒಬ್ಬರಿಗೆ ಎರಡು ಹೆಸರಿರುವುದಕ್ಕೆ ಅಡ್ಡಿಯಿಲ್ಲ. ಎರಡರ ಅರ್ಥವೂ ಒಂದೇ ಆಗಿರುವಾಗ ಮಗು ಯಾವ ಕಡೆಗೂ ತಪ್ಪಾಗಿ ಓಗೊಡುವುದಿಲ್ಲ.

ಪತ್ರದ ಕೊನೆಯ ಸಾಲುಗಳು ಹೀಗಿವೆ: “ಹೆಸರನ್ನು ನಾವು ಬರೆಯಿಸಿದ್ದೇವೆ, ಆದರೆ ಇನ್ನೂ ಯಾವ ಹಿರಿಯರ ಬಾಯಲ್ಲೂ ಅದು ಬಂದಿಲ್ಲ. ನೀವು ಒಮ್ಮೆ ಕರೆಯುವ ತನಕ ಅದು ಕಾಗದದ ಮೇಲಿನ ಹೆಸರು ಮಾತ್ರ.”